ಬೌದ್ಧಿಕ ಅಂಗವೈಕಲ್ಯ ಇರುವ ವಯಸ್ಕರಲ್ಲಿ ಖಿನ್ನತೆಯ ಅನುಮಾನ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ತಾಲ್ಲೂಕು ಆಸ್ಪತ್ರೆಯ ವೈದ್ಯರು, ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಮತ್ತು ಡೇ ಕೇರ್ ಕೇಂದ್ರಗಳ ಶಿಕ್ಷಕರಿಗಾಗಿ. ಹದಿನೆಂಟು ದಾಟಿದವರಲ್ಲಿ, ಅದರಲ್ಲೂ ಸೌಮ್ಯ ಅಥವಾ ಮಧ್ಯಮ ಮಟ್ಟದ ಅಂಗವೈಕಲ್ಯ ಇದ್ದು ಸ್ವಲ್ಪವಾದರೂ ಮಾತು ಬರುವವರಲ್ಲಿ, ಖಿನ್ನತೆ ಇದೆಯೇ ಎಂದು ಹೇಗೆ ಕೇಳುವುದು, ಹೇಗೆ ನೋಡುವುದು ಎಂಬುದೇ ಇಲ್ಲಿನ ವಿಷಯ. ಮಾತೇ ಇಲ್ಲದವರ ಬಗ್ಗೆ ಒಂದು ಪ್ರಶ್ನೆ ಕೊನೆಯ ಕಡೆಗಿದೆ.

ಎಲ್ಲರಿಗೂ ಬಳಸುವ ಪಿಎಚ್‌ಕ್ಯೂ-9 ಇವರಿಗೂ ಬಳಸಿದರೆ ಸಾಲದೇ?

ಸಾಲದು. ಆ ಪ್ರಶ್ನಾವಳಿ ಉತ್ತರ ಕೊಡುವವರಿಂದ ಒಮ್ಮೆಗೇ ಮೂರು ಕೆಲಸ ಬಯಸುತ್ತದೆ. ಕಳೆದ ಎರಡು ವಾರವನ್ನು ಮನಸ್ಸಿನಲ್ಲಿ ಅಳತೆ ಮಾಡಬೇಕು, 'ಕೆಲವು ದಿನ', 'ಅರ್ಧಕ್ಕಿಂತ ಹೆಚ್ಚು ದಿನ', 'ಹೆಚ್ಚುಕಡಿಮೆ ಪ್ರತಿದಿನ' ಎಂಬ ಮೆಟ್ಟಿಲುಗಳ ವ್ಯತ್ಯಾಸ ಹಿಡಿಯಬೇಕು, ತನ್ನ ಒಳಗಿನ ಭಾವನೆಗೆ ಹೆಸರಿಡಬೇಕು. ಮಧ್ಯಮ ಮಟ್ಟದ ಅಂಗವೈಕಲ್ಯ ಇರುವವರಿಗೆ ಈ ಮೂರೂ ಕಷ್ಟ. ಆದರೂ ಉತ್ತರವಂತೂ ಬರುತ್ತದೆ, ಏಕೆಂದರೆ ಡಾಕ್ಟರು ಕೇಳಿದರೆ ಏನಾದರೂ ಹೇಳಬೇಕು ಎಂಬುದು ಅವರಿಗೆ ಗೊತ್ತು. ಹಾಗೆ ಬಂದ ಅಂಕ ಖಿನ್ನತೆಯನ್ನು ಅಳೆಯುವುದಿಲ್ಲ, ಪ್ರಶ್ನೆ ಅರ್ಥವಾಗದಿದ್ದುದನ್ನು ಅಳೆಯುತ್ತದೆ.

ಇವರಿಗಾಗಿಯೇ ಮಾಡಿದ ಸಾಧನಗಳಿವೆ. ಸ್ಕಾಟ್ಲೆಂಡಿನಲ್ಲಿ ರೂಪಿಸಿ 2003ರಲ್ಲಿ ಪ್ರಕಟಿಸಿದ ಗ್ಲಾಸ್ಗೋ ಡಿಪ್ರೆಶನ್ ಸ್ಕೇಲ್‌ನಲ್ಲಿ 20 ಪ್ರಶ್ನೆಗಳಿವೆ, ಉತ್ತರಕ್ಕೆ ಮೂರೇ ಆಯ್ಕೆ, ಜೊತೆಗೆ ಆರೈಕೆ ಮಾಡುವವರಿಗಾಗಿ 16 ಪ್ರಶ್ನೆಗಳ ಬೇರೆ ಹಾಳೆ. ಮೂಲ ಅಧ್ಯಯನದಲ್ಲಿ 13 ಅಂಕವನ್ನು ಗಡಿಯಾಗಿ ಇಟ್ಟಿದ್ದರು. ಆದರೆ ಅದು ಇಂಗ್ಲಿಷ್ ಮಾತಾಡುವ ಜನರಲ್ಲಿ ಕಂಡುಕೊಂಡ ಗಡಿ. ಕುಳಿತಲ್ಲೇ ಕನ್ನಡಕ್ಕೆ ತಿರುಗಿಸಿ ಕೇಳಿ 13 ದಾಟಿತು ಎಂದು ಖಿನ್ನತೆ ಬರೆಯಬೇಡಿ, 12 ಬಂತು ಎಂದು ವಾಪಸ್ ಕಳಿಸಲೂಬೇಡಿ. ಯಾವ ವಿಷಯಗಳನ್ನು ಕೇಳಬೇಕು ಎಂಬ ಪಟ್ಟಿಯಾಗಿ ಅದು ಉಪಯುಕ್ತ. ಅದೇ ವ್ಯಕ್ತಿಗೆ ಆರು ವಾರದ ನಂತರ ಅದೇ ಪದಗಳಲ್ಲಿ ಮತ್ತೆ ಕೇಳಿ ಹೋಲಿಸಲೂ ಉಪಯುಕ್ತ.

'ಬುದ್ಧಿ ಬೆಳವಣಿಗೆ ಕಡಿಮೆ, ಹೀಗೆಲ್ಲ ಆಡ್ತಾರೆ' ಎಂದು ಬಿಟ್ಟುಬಿಡುವುದು ಏಕೆ ತಪ್ಪು?

ಏಕೆಂದರೆ ಅಂಗವೈಕಲ್ಯ ಹುಟ್ಟಿನಿಂದ ಅಥವಾ ಬಾಲ್ಯದಿಂದ ಇರುವಂಥದ್ದು. ಮೂವತ್ತು ವರ್ಷ ತಾನೇ ಸ್ನಾನ ಮಾಡುತ್ತಿದ್ದವರು ಮೂರು ತಿಂಗಳಿಂದ ಮಾಡುತ್ತಿಲ್ಲವೆಂದರೆ ಅದಕ್ಕೆ ಹುಟ್ಟಿನಿಂದ ಬಂದದ್ದು ಕಾರಣ ಆಗಲಾರದು. ಹೊಸ ಬದಲಾವಣೆಗೆ ಹೊಸ ಕಾರಣ ಇರಲೇಬೇಕು.

ಹಳೆಯ ಅಭ್ಯಾಸವೇ ಹೆಚ್ಚಾಗಿ ಕಾಣಿಸಿಕೊಂಡಾಗ ನಾವು ಸುಲಭವಾಗಿ ಮೋಸಹೋಗುತ್ತೇವೆ. ಕೈ ಕಚ್ಚಿಕೊಳ್ಳುವ ಅಭ್ಯಾಸ ಚಿಕ್ಕಂದಿನಿಂದ ತಿಂಗಳಿಗೊಮ್ಮೆ ಇತ್ತು, ಈಗ ದಿನಕ್ಕೆ ನಾಲ್ಕು ಸಲ ಎಂದಿಟ್ಟುಕೊಳ್ಳಿ. ಮನೆಯವರು 'ಅದು ಮೊದಲಿಂದ ಇದೆ' ಎನ್ನುತ್ತಾರೆ, ಮತ್ತು ಅದು ನಿಜ. ಆದ್ದರಿಂದ 'ಇದು ಮೊದಲಿಂದ ಇದೆಯಾ?' ಎಂದು ಕೇಳಿ ನಿಲ್ಲಿಸಬೇಡಿ. 'ಮೊದಲು ಎಷ್ಟು ದಿನಕ್ಕೊಮ್ಮೆ, ಈಗ ಎಷ್ಟು ದಿನಕ್ಕೊಮ್ಮೆ?' ಎಂದು ಕೇಳಿ.

ಮನೆಯವರಿಂದ ಮಾಹಿತಿ ಹೇಗೆ ತೆಗೆಯುವುದು?

'ಹಠ ಜಾಸ್ತಿಯಾಗಿದೆ', 'ಸೋಮಾರಿ ಆಗಿದ್ದಾನೆ', 'ಬೇಕಂತಲೇ ಮಾಡ್ತಾಳೆ' ಎಂಬವು ಮನೆಯವರು ಮಾಡಿಕೊಂಡ ತೀರ್ಮಾನಗಳು. ನಮಗೆ ಬೇಕಾದದ್ದು ಅವರ ಕಣ್ಣಿಗೆ ಬಿದ್ದದ್ದು. 'ಹಠ ಅಂದ್ರೆ ನಿನ್ನೆ ಏನು ಮಾಡಿದ್ರು? ಎಷ್ಟು ಹೊತ್ತಿಗೆ? ಅದಕ್ಕೆ ಮುಂಚೆ ಏನಾಗ್ತಿತ್ತು?' ಎಂದು ಕೇಳಿದಾಗ 'ತಟ್ಟೆ ತಳ್ಳಿದ' ಎಂಬ ಉತ್ತರ ಬರುತ್ತದೆ. ಊಟ ಬೇಡವಾಗಿರುವುದು ಅಲ್ಲಿ ಗೊತ್ತಾಗುತ್ತದೆ.

ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ 'ಚೆನ್ನಾಗಿದ್ದಾಗ', ಬಲಕ್ಕೆ 'ಈಗ' ಎಂದು ಬರೆಯಿರಿ. ನಿದ್ದೆ, ಊಟ, ತೂಕ, ಸ್ನಾನ ಮತ್ತು ಬಟ್ಟೆ, ಮಾತು, ಇಷ್ಟದ ಕೆಲಸ, ಅಳು, ಸಿಟ್ಟು ಇವಿಷ್ಟನ್ನು ಎರಡೂ ಕಡೆ ತುಂಬಿಸಿ. ಎಡಗಡೆಯನ್ನು ಮೊದಲು ತುಂಬಿಸುವುದು ಮುಖ್ಯ. ಈಗಿನ ಕಷ್ಟದಿಂದ ಶುರು ಮಾಡಿದರೆ ಹಿಂದಿನದೂ ಅದೇ ಬಣ್ಣದಲ್ಲಿ ಕಾಣುತ್ತದೆ. 'ಚೆನ್ನಾಗಿ ಊಟ ಮಾಡ್ತಿದ್ದ' ಎನ್ನುವ ಬದಲು 'ಎರಡು ಮುದ್ದೆ' ಎಂದು ಬರೆಯಿರಿ. ತೂಕದ ದಾಖಲೆ ಇಲ್ಲದಿದ್ದರೆ ಪ್ಯಾಂಟಿಗೆ ಈಗ ಉಡಿದಾರ ಕಟ್ಟುತ್ತಾರೆಯೇ, ಬಳೆ ಸಡಿಲ ಆಗಿದೆಯೇ ಎಂದು ಕೇಳಬಹುದು.

ಮಾಹಿತಿ ಒಬ್ಬರಿಂದಲೇ ಬಂದರೆ ಅದು ಅವರ ದಣಿವಿನ ಮೂಲಕ ಬರುತ್ತದೆ. ಇಪ್ಪತ್ತು ವರ್ಷದಿಂದ ನೋಡಿಕೊಳ್ಳುತ್ತಿರುವ ತಾಯಿಗೇ ಖಿನ್ನತೆ ಇರಬಹುದು, ಆಗ ಎಲ್ಲವೂ ಕೆಟ್ಟದಾಗಿಯೇ ವರದಿಯಾಗುತ್ತದೆ. ವಸತಿ ಕೇಂದ್ರದಲ್ಲಿ ಇದಕ್ಕೆ ತದ್ವಿರುದ್ಧ: ಎರಡು ತಿಂಗಳ ಹಿಂದೆ ಕೆಲಸಕ್ಕೆ ಸೇರಿದವರಿಗೆ ಆ ವ್ಯಕ್ತಿ ಮೊದಲು ಹೇಗಿದ್ದರು ಎಂಬುದೇ ಗೊತ್ತಿರುವುದಿಲ್ಲ, ಸುಮ್ಮನೆ ಮೂಲೆಯಲ್ಲಿ ಕೂರುವವರನ್ನು 'ಒಳ್ಳೆಯವರು, ತೊಂದರೆ ಕೊಡಲ್ಲ' ಎನ್ನುತ್ತಾರೆ. ಹಾಗಾಗಿ ಇನ್ನೊಬ್ಬರನ್ನು ಕೇಳಿ. ಡೇ ಕೇರ್ ಶಿಕ್ಷಕರಿಗೋ ದಿನಾ ಟೀ ಕೊಡುವ ಅಂಗಡಿಯವರಿಗೋ ವ್ಯತ್ಯಾಸ ಮೊದಲು ಕಂಡಿರುತ್ತದೆ.

ವ್ಯಕ್ತಿಯ ಜೊತೆಯೇ ಮಾತಾಡುವುದು ಹೇಗೆ ಶುರು ಮಾಡಬೇಕು?

ಮೊದಲು ಅವರ ಕಡೆ ತಿರುಗಿ, ಹೆಸರು ಹಿಡಿದು ಮಾತಾಡಿಸಿ. ಮೂವತ್ತೈದು ವರ್ಷದವರನ್ನು 'ಏನಪ್ಪಾ ಪುಟ್ಟ' ಎನ್ನಬೇಡಿ. 'ನೀವು' ಎನ್ನಿ. ಮನೆಯಲ್ಲಿ ಯಾವಾಗಲೂ 'ನೀನು' ಕೇಳಿಸಿಕೊಂಡವರು 'ನೀವು' ಎಂದರೆ ಪಕ್ಕದಲ್ಲಿರುವ ಅಣ್ಣನನ್ನು ಕೇಳುತ್ತಿದ್ದಾರೆ ಎಂದುಕೊಳ್ಳಬಹುದು. ಅದಕ್ಕೇ ಪ್ರತಿ ಪ್ರಶ್ನೆಯಲ್ಲೂ ಹೆಸರು ಸೇರಿಸಿ: 'ಮಂಜುನಾಥ್, ನೀವು ರಾತ್ರಿ ಎಲ್ಲಿ ಮಲಗ್ತೀರಿ?'

ಒಪಿಡಿಯ ಗದ್ದಲದಲ್ಲಿ ಐದು ನಿಮಿಷದಲ್ಲಿ ಇದು ಆಗುವುದಿಲ್ಲ. ಇಪ್ಪತ್ತು ನಿಮಿಷದ ಎರಡು ಅಥವಾ ಮೂರು ಭೇಟಿ ಇಡಿ. ಒಂದೇ ಉದ್ದದ ಭೇಟಿಗಿಂತ ಇದು ಒಳ್ಳೆಯದು, ಏಕೆಂದರೆ ದಣಿದ ಮೇಲೆ ಬರುವ ಉತ್ತರಗಳೆಲ್ಲ 'ಹೂಂ' ಆಗಿರುತ್ತವೆ. ಮೊದಲ ಭೇಟಿಯಲ್ಲಿ ಖಿನ್ನತೆಯ ಪ್ರಶ್ನೆ ಒಂದೂ ಕೇಳದಿದ್ದರೂ ನಷ್ಟವಿಲ್ಲ. ಅವರಿಗೆ ಯಾವ ಬಗೆಯ ಪ್ರಶ್ನೆ ಅರ್ಥವಾಗುತ್ತದೆ ಎಂದು ಗೊತ್ತಾದರೆ ಸಾಕು.

ಒಂದು ವಾಕ್ಯಕ್ಕೆ ಒಂದೇ ವಿಷಯ, ಐದಾರು ಪದ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಈ ಮೌನದಲ್ಲಿ ಜೊತೆಗೆ ಬಂದವರು ಉತ್ತರ ಹೇಳಿಬಿಡುತ್ತಾರೆ, ನಾವೂ ಪ್ರಶ್ನೆಯನ್ನು ಬೇರೆ ಪದಗಳಲ್ಲಿ ಮತ್ತೆ ಕೇಳಿಬಿಡುತ್ತೇವೆ. ಹಾಗೆ ಬದಲಿಸಿ ಕೇಳಿದರೆ ಅವರು ಅರ್ಧ ಅರಗಿಸಿಕೊಂಡಿದ್ದ ಪ್ರಶ್ನೆ ಕೈಬಿಟ್ಟು ಹೊಸದನ್ನು ಮೊದಲಿಂದ ಅರ್ಥಮಾಡಿಕೊಳ್ಳಬೇಕಾಗುತ್ತದೆ. ಮತ್ತೆ ಕೇಳಲೇಬೇಕಾದರೆ ಅದೇ ಪದಗಳಲ್ಲಿ ಕೇಳಿ.

ಸ್ವಲ್ಪ ಹೊತ್ತಾದರೂ ಒಬ್ಬರನ್ನೇ ಕೂರಿಸಿ ಮಾತಾಡಿ. ಮನೆಯಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ಕೂಡಿ ಹಾಕುವುದು ಇದ್ದರೆ ಮನೆಯವರ ಎದುರು ಅದು ಬಾಯಿಗೆ ಬರುವುದಿಲ್ಲ. ಏನಾದರೂ ಹೊರಬಂದರೆ 'ಅವನು ಹೀಗೆ ಮಾಡಿದ್ನಾ?' ಎಂದು ಪದ ಕೊಡಬೇಡಿ. 'ಆಮೇಲೆ ಏನಾಯ್ತು?' ಎಂದಷ್ಟೇ ಕೇಳಿ ಅವರ ಮಾತನ್ನು ಅವರ ಪದಗಳಲ್ಲೇ ಬರೆದುಕೊಳ್ಳಿ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 7ನೇ ಸೆಕ್ಷನ್ ಪ್ರಕಾರ ಇಂಥ ಅನುಮಾನ ಬಂದ ಯಾರೇ ಆದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು.

ಎಲ್ಲದಕ್ಕೂ 'ಹೂಂ' ಎನ್ನುತ್ತಾರೆ. ಯಾವುದನ್ನು ನಂಬುವುದು?

ಇದು ಈ ಕ್ಷೇತ್ರದಲ್ಲಿ ಬಹಳ ಹಿಂದೆಯೇ ಗುರುತಿಸಿದ ತೊಂದರೆ. ಅರ್ಥವಾಗದ ಪ್ರಶ್ನೆಗೆ, ದೊಡ್ಡವರು ಕೇಳಿದ ಪ್ರಶ್ನೆಗೆ, ಒಪ್ಪಿಗೆಯೇ ಸುರಕ್ಷಿತ ಎಂದು ಅವರು ಬದುಕಿನಲ್ಲಿ ಕಲಿತಿರುತ್ತಾರೆ. ಆದ್ದರಿಂದ ಲಕ್ಷಣಗಳಿಗೆ ಹೋಗುವ ಮುಂಚೆ ಉತ್ತರ ನಮಗೇ ಗೊತ್ತಿರುವ ನಾಲ್ಕು ಪ್ರಶ್ನೆ ಕೇಳಿ ಪರೀಕ್ಷಿಸಿ. ಚಮಚ ತೋರಿಸಿ 'ಇದು ಪೆನ್ನಾ?' 'ಇದು ಚಮಚಾನಾ?' 'ಈಗ ರಾತ್ರಿನಾ?' 'ನೀವು ಬಸ್ ಓಡಿಸ್ತೀರಾ?' ನಾಲ್ಕಕ್ಕೂ 'ಹೂಂ' ಬಂದರೆ ಆ ದಿನ ಹೌದು–ಇಲ್ಲ ಪ್ರಶ್ನೆ ಕೈಬಿಡಿ.

ಆಗ ಎರಡರಲ್ಲಿ ಒಂದು ಆರಿಸುವ ಪ್ರಶ್ನೆ ಹಿಡಿಯಿರಿ: 'ಊಟ ಇಷ್ಟ ಆಗುತ್ತಾ, ಬೇಡ ಅನ್ಸುತ್ತಾ?' ಇಲ್ಲೂ ಒಂದು ಬಲೆ ಇದೆ. ಹಲವರು ಕೊನೆಗೆ ಕೇಳಿದ್ದನ್ನೇ ಹೇಳುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಕ್ರಮ ತಿರುಗಿಸಿ ಕೇಳಿ: 'ಊಟ ಬೇಡ ಅನ್ಸುತ್ತಾ, ಇಷ್ಟ ಆಗುತ್ತಾ?' ಎರಡೂ ಸಲ 'ಬೇಡ' ಬಂದರೆ ಅದನ್ನು ಬರೆದುಕೊಳ್ಳಬಹುದು. ಉತ್ತರ ಬದಲಾದರೆ ಅದು ಉತ್ತರ ಅಲ್ಲ.

ಕನ್ನಡದಲ್ಲಿ ಕೇಳುವವರು ವಿಶೇಷವಾಗಿ ಗಮನಿಸಬೇಕಾದ ಎರಡು ಅಭ್ಯಾಸಗಳಿವೆ. ಒಂದು, ವಾಕ್ಯದ ಕೊನೆಗೆ 'ಅಲ್ವಾ?' ಸೇರಿಸುವುದು. 'ನಿದ್ದೆ ಚೆನ್ನಾಗಿ ಬರುತ್ತೆ ಅಲ್ವಾ?' ಎಂದರೆ ಉತ್ತರ ನಾವೇ ಕೊಟ್ಟಂತೆ. ಇನ್ನೊಂದು, ನಿಷೇಧದಲ್ಲಿ ಕೇಳುವುದು. 'ರಾತ್ರಿ ನಿದ್ದೆ ಬರಲ್ವಾ?' ಎಂಬುದಕ್ಕೆ 'ಹೂಂ' ಎಂದರೆ 'ಹೌದು, ಬರಲ್ಲ' ಎಂದೂ ಆಗಬಹುದು, 'ಬರುತ್ತೆ' ಎಂದೂ ಆಗಬಹುದು. 'ರಾತ್ರಿ ಎದ್ದು ಕೂತ್ಕೋತೀರಾ? ಕೂತು ಏನು ಮಾಡ್ತೀರಿ?' ಎಂದರೆ ಗೊಂದಲವಿಲ್ಲ.

ಭಾವನೆಗಳಿಗೆ ಯಾವ ಪದ ಬಳಸಬೇಕು? ಮುಖದ ಚಿತ್ರಗಳು ಸಾಕೇ?

'ಖಿನ್ನತೆ', 'ದುಗುಡ', 'ಆಸಕ್ತಿ', 'ಹತಾಶೆ' ಇವನ್ನು ಅವರು ಮನೆಯಲ್ಲಿ ಕೇಳಿಯೇ ಇರುವುದಿಲ್ಲ. 'ಬೇಜಾರು' ಬಳಕೆಯಲ್ಲಿದೆ, ಆದರೆ ಮಾಡಲು ಕೆಲಸ ಇಲ್ಲದಿದ್ದಾಗಲೂ ಅದನ್ನೇ ಹೇಳುತ್ತೇವೆ. ಹಾಗಾಗಿ ಮೊದಲು ಮನೆಯವರನ್ನು ಕೇಳಿ: 'ಇವರು ಅಳು ಬಂದಾಗ ಏನಂತಾರೆ? ಖುಷಿಯಾದಾಗ ಏನಂತಾರೆ?' ಒಬ್ಬರು 'ಎದೆ ಭಾರ' ಎನ್ನುತ್ತಾರೆ, ಇನ್ನೊಬ್ಬರು 'ಹೊಟ್ಟೆ ನೋವು' ಎನ್ನುತ್ತಾರೆ. ಕಡತದ ಮೊದಲ ಪುಟದಲ್ಲೇ ಆ ಪದ ಬರೆದಿಡಿ, ಮುಂದಿನ ಭೇಟಿಯಲ್ಲಿ ನೋಡುವವರಿಗೂ ಅದು ಬೇಕು.

ಇಮೋಜಿಯಂಥ ಗುಂಡು ಮುಖಗಳು ನಮಗೆ ಸರಳ, ಅವರಿಗೆ ಅಮೂರ್ತ. ಫೋಟೋ ಉತ್ತಮ, ಅವರದೇ ಫೋಟೋ ಇನ್ನೂ ಉತ್ತಮ. ಮೊಬೈಲಿನಲ್ಲಿ ಮದುವೆಯಲ್ಲಿ ನಗುತ್ತಿರುವ ಅವರ ಚಿತ್ರ ಇರುತ್ತದೆ. ಬಳಸುವ ಮುಂಚೆ ಪರೀಕ್ಷಿಸಿ: 'ಈ ಫೋಟೋದಲ್ಲಿ ಹೇಗಿದ್ದೀರಿ?' ಅಲ್ಲಿ ಸರಿಯಾಗಿ ಹೇಳಿದರೆ ಮಾತ್ರ 'ಇವತ್ತು ಯಾವ ಥರ?' ಎಂದು ಮುಂದುವರಿಯಿರಿ.

ಎಷ್ಟು ಎಂಬುದನ್ನು ಕೇಳಲು ಮೂರು ಲೋಟ ಇಡಬಹುದು: ಖಾಲಿ, ಅರ್ಧ, ತುಂಬಿದ್ದು. ಮೊದಲು ಗೊತ್ತಿರುವುದರ ಮೇಲೆ ಅಭ್ಯಾಸ ಮಾಡಿಸಿ: 'ಮಾವಿನಹಣ್ಣು ಎಷ್ಟು ಇಷ್ಟ? ಹಾಗಲಕಾಯಿ ಎಷ್ಟು ಇಷ್ಟ?' ಮೂರು ಹಿಡಿಯದಿದ್ದರೆ ಎರಡಕ್ಕೆ ಇಳಿಸಿ. ಹತ್ತರಲ್ಲಿ ಎಷ್ಟು ಎಂದು ಕೇಳುವುದು ಬೇಡವೇ ಬೇಡ.

'ಯಾವಾಗಿನಿಂದ?' ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಏನು ಮಾಡಬೇಕು?

ದಿನ, ವಾರ, ತಿಂಗಳ ಲೆಕ್ಕ ಬಿಟ್ಟು ಒಂದು ಘಟನೆಯನ್ನು ಗೂಟವಾಗಿ ಹಿಡಿಯಿರಿ. ಸುಮಾರು ನಾಲ್ಕು ವಾರದ ಹಿಂದೆ ಅವರು ಭಾಗವಹಿಸಿದ ಯಾವುದಾದರೂ ಸಂಗತಿ: ಊರ ಜಾತ್ರೆ, ಅಕ್ಕನ ಮಗುವಿನ ನಾಮಕರಣ, ಗಣೇಶನನ್ನು ಬಿಟ್ಟ ದಿನ. ಅದು ಅವರಿಗೆ ನೆನಪಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ: 'ಜಾತ್ರೆಯಲ್ಲಿ ಏನು ತಿಂದ್ರಿ?' ನೆನಪಿದ್ದರೆ ಉಳಿದದ್ದನ್ನೆಲ್ಲ ಅದಕ್ಕೆ ಕಟ್ಟಿ: 'ಜಾತ್ರೆ ಆದ ಮೇಲೆ ರಾತ್ರಿ ಎದ್ದಿದ್ದೀರಾ?' ಮನೆಯವರನ್ನೂ ಅದೇ ಗೂಟದಿಂದ ಕೇಳಿ, ಆಗ ಇಬ್ಬರ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ದೇಹದ ಕಾಯಿಲೆ ಎಷ್ಟರಮಟ್ಟಿಗೆ ನೋಡಬೇಕು?

ಖಿನ್ನತೆ ಎಂದು ಬರೆಯುವ ಮುಂಚೆ, ಪ್ರತಿಯೊಬ್ಬರಲ್ಲೂ. ನೋವು ಹೇಳಲಾಗದವರು ಊಟ ಬಿಡುತ್ತಾರೆ, ನಿದ್ದೆ ಬಿಡುತ್ತಾರೆ, ಹೊಡೆಯುತ್ತಾರೆ. ಬಾಯಿ ತೆಗೆಸಿ ಹಲ್ಲು ನೋಡಿ. ಕಿವಿಯಲ್ಲಿ ಗುಗ್ಗೆ ತುಂಬಿದೆಯೇ ನೋಡಿ, ಕೇಳಿಸದವರು ಮಾತು ಕಡಿಮೆ ಮಾಡುತ್ತಾರೆ. ಮಲಬದ್ಧತೆಯನ್ನು ಕೇಳಿ ಬಿಡಬೇಡಿ, ಹೊಟ್ಟೆ ಮುಟ್ಟಿ ನೋಡಿ. ರಕ್ತಹೀನತೆ, ಸಕ್ಕರೆ, ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಕೊರತೆಯೂ ನಿದ್ದೆಯಲ್ಲಿ ಉಸಿರು ಕಟ್ಟುವುದೂ ಸಾಮಾನ್ಯ, ಎರಡೂ ಖಿನ್ನತೆಯಂತೆಯೇ ಕಾಣುತ್ತವೆ. ಅವರಿಗೆ ನಲವತ್ತು ದಾಟಿದ್ದರೆ ಅಲ್ಝೈಮರ್ ಮರೆವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮಾತ್ರೆಗಳ ಪಟ್ಟಿಗೆ ದಿನಾಂಕ ಹಾಕಿ. ಫಿಟ್ಸ್‌ಗೆ ಕೊಡುವ ಲೆವೆಟಿರಾಸೆಟಮ್ ಕೆಲವರಲ್ಲಿ ಸಿಡುಕು ತರುತ್ತದೆ, ಫಿನೋಬಾರ್ಬಿಟೋನ್ ಮಂಕು ತರುತ್ತದೆ. ಬದಲಾವಣೆ ಮಾತ್ರೆಗೆ ಮುಂಚೆ ಶುರುವಾಯಿತೋ ನಂತರವೋ ಎಂಬುದೊಂದೇ ಎಷ್ಟೋ ಸಲ ಉತ್ತರ ಕೊಡುತ್ತದೆ.

ರೋಗನಿರ್ಣಯಕ್ಕೆ ಎಷ್ಟು ಲಕ್ಷಣ ಬೇಕು?

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್ 2001ರಲ್ಲಿ ಈ ಗುಂಪಿಗಾಗಿಯೇ ತಂದ ಡಿಸಿ-ಎಲ್‌ಡಿ ಮಾನದಂಡ ನಮ್ಮ ಕೆಲಸಕ್ಕೆ ಹೊಂದುತ್ತದೆ. ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ, ಮೊದಲಿಗಿಂತ ಬದಲಾವಣೆ ಕಾಣಬೇಕು. ಮಂಕು ಅಥವಾ ಸಿಡುಕು ಇರಬೇಕು. ಇಲ್ಲವೇ ಇಷ್ಟದ ಕೆಲಸ ಬಿಡುವುದು, ಜನರಿಂದ ದೂರ ಸರಿಯುವುದು, ಸ್ನಾನ–ಬಟ್ಟೆ ಬಿಡುವುದು, ಮಾತು ಕಡಿಮೆಯಾಗುವುದು ಇವುಗಳಲ್ಲಿ ಒಂದು ಇರಬೇಕು. ಅದರ ಜೊತೆಗೆ ಊಟ, ನಿದ್ದೆ, ಶಕ್ತಿ, ಗಮನ, ಅಳು, ಆತಂಕ, ಹೊಸದಾಗಿ ಮೈಕೈ ನೋವಿನ ದೂರು, ಚಲನೆಯಲ್ಲಿ ಬದಲಾವಣೆ, ಹೊಡೆಯುವಂಥ ವರ್ತನೆಯ ಏರಿಕೆ ಇವುಗಳಲ್ಲಿ ಕೆಲವು ಸೇರಿ ಒಟ್ಟು ನಾಲ್ಕಾದರೂ ಆಗಬೇಕು. ದೇಹದ ಕಾಯಿಲೆ ಅಥವಾ ಮಾತ್ರೆಯೇ ನೇರ ಕಾರಣ ಆಗಿರಬಾರದು. ಸಿಡುಕು ಮತ್ತು ಹೊಡೆತ ಇಲ್ಲಿ ಲೆಕ್ಕಕ್ಕೆ ಬರುತ್ತವೆ, ಅಪರಾಧಿ ಭಾವ ಅಥವಾ ಹತಾಶೆಯನ್ನು ಬಾಯಿಬಿಟ್ಟು ಹೇಳಲೇಬೇಕು ಎಂಬ ಕಡ್ಡಾಯ ಇಲ್ಲ. ಮಾತು ಕಡಿಮೆ ಇರುವವರಿಗೆ ನ್ಯಾಯ ಸಿಗುವುದು ಇದರಿಂದಲೇ.

ಒಂದು ಉದಾಹರಣೆಯಲ್ಲಿ ಇದೆಲ್ಲ ಹೇಗೆ ಕೂಡಿಬರುತ್ತದೆ?

ಕಲಿಕೆಗಾಗಿ ಕಟ್ಟಿದ ಉದಾಹರಣೆ ಇದು. ಮಂಜುನಾಥ್, 34 ವರ್ಷ, ಮಧ್ಯಮ ಮಟ್ಟದ ಬೌದ್ಧಿಕ ಅಂಗವೈಕಲ್ಯ, ಅಣ್ಣ–ಅತ್ತಿಗೆಯ ಜೊತೆ ವಾಸ. ಫಿಟ್ಸ್‌ಗೆ ಸೋಡಿಯಂ ವಾಲ್ಪ್ರೊಯೇಟ್, ಆರು ವರ್ಷದಿಂದ ಅದೇ ಪ್ರಮಾಣ. 'ಅತ್ತಿಗೆಗೆ ಹೊಡೀತಾನೆ, ಕೇಂದ್ರಕ್ಕೆ ಹೋಗಲ್ಲ' ಎಂದು ಕರೆತಂದಿದ್ದಾರೆ. ಬೇರೆ ಕಡೆ ಆರು ವಾರದ ಹಿಂದೆ ಹೊಡೆತ ತಗ್ಗಿಸಲೆಂದು ರಾತ್ರಿ 2 ಮಿಲಿಗ್ರಾಂ ರಿಸ್ಪೆರಿಡೋನ್ ಮಾತ್ರೆ ಕೊಟ್ಟಿದ್ದಾರೆ. ಹೊಡೆಯುವುದು ಸ್ವಲ್ಪ ಕಡಿಮೆಯಾಗಿದೆ, ಹಗಲೆಲ್ಲ ತೂಕಡಿಕೆ, ನಡಿಗೆ ಬಿಗಿ.

ಎರಡು ಅಂಕಣದ ಹಾಳೆ ತುಂಬಿದಾಗ ಚಿತ್ರ ಬದಲಾಗುತ್ತದೆ. ಚೆನ್ನಾಗಿದ್ದಾಗ ಎರಡು ಮುದ್ದೆ, ಈಗ ಅರ್ಧ. ಡೇ ಕೇರ್ ದಾಖಲೆಯಲ್ಲಿ ತೂಕ 58 ಕಿಲೋ, ಈಗ 51. ದಿನಾ ಸಂಜೆ ನೋಡುತ್ತಿದ್ದ ಧಾರಾವಾಹಿಯನ್ನು ಈಗ ಹಾಕಿದರೂ ಎದ್ದು ಹೋಗುತ್ತಾರೆ. ಬೆಳಗಿನ ಜಾವ ಮೂರಕ್ಕೆ ಎದ್ದು ಬಾಗಿಲ ಹತ್ತಿರ ಕೂರುತ್ತಾರೆ. ಇವೆಲ್ಲ ಯುಗಾದಿ ಆದ ಮೇಲೆ, ಅಂದರೆ ಐದು ತಿಂಗಳಿಂದ. ರಿಸ್ಪೆರಿಡೋನ್‌ಗಿಂತ ಬಹಳ ಮುಂಚೆ. ಯುಗಾದಿಗೆ ಹದಿನೈದು ದಿನ ಮೊದಲು ತಾಯಿ ತೀರಿಕೊಂಡಿದ್ದರು.

ಪರೀಕ್ಷೆಯಲ್ಲಿ ಐದು ದಿನದ ಮಲಬದ್ಧತೆ, ಎಡಗಿವಿಯಲ್ಲಿ ಗುಗ್ಗೆ. ಟಿಎಸ್‌ಎಚ್, ಸಕ್ಕರೆ, ಹಿಮೋಗ್ಲೋಬಿನ್ ಸರಿ ಇವೆ. ಮೊದಲು ಕಿವಿ ಸ್ವಚ್ಛ ಮಾಡಿ, ಹೊಟ್ಟೆಗೆ ಔಷಧ ಕೊಟ್ಟು, ಮನೆಯಲ್ಲಿ ನಿದ್ದೆ ಮತ್ತು ಊಟದ ಹಾಳೆ ತುಂಬಲು ಹೇಳಿ ಎರಡು ವಾರ ನೋಡಲಾಗುತ್ತದೆ. ಮುಂಜಾನೆ ಶೌಚಕ್ಕೆ ಕರೆದಾಗ ಹೊಡೆಯುವುದು ನಿಲ್ಲುತ್ತದೆ. ಆದರೆ ಮೂರು ಗಂಟೆಗೆ ಏಳುವುದು, ಧಾರಾವಾಹಿ ಬೇಡವೆನ್ನುವುದು, ಅರ್ಧ ಮುದ್ದೆ ಹಾಗೆಯೇ ಉಳಿಯುತ್ತವೆ. ಯಾವುದು ಹೊಟ್ಟೆಯದು, ಯಾವುದು ಮನಸ್ಸಿನದು ಎಂದು ಈ ಎರಡು ವಾರ ಬೇರ್ಪಡಿಸಿ ತೋರಿಸಿದವು.

ಹೌದು–ಇಲ್ಲ ಪರೀಕ್ಷೆಯಲ್ಲಿ ಮಂಜುನಾಥ್ ಚಮಚವನ್ನೂ ಪೆನ್ನೆಂದು ಒಪ್ಪುತ್ತಾರೆ. ಎರಡರಲ್ಲಿ ಒಂದು ಆರಿಸುವ ಪ್ರಶ್ನೆಗೆ, ಕ್ರಮ ತಿರುಗಿಸಿದರೂ, ಒಂದೇ ಉತ್ತರ ಕೊಡುತ್ತಾರೆ. ಮೂರು ಲೋಟ ಹಿಡಿಯುವುದಿಲ್ಲ, ಎರಡು ಫೋಟೋ ಹಿಡಿಯುತ್ತದೆ. 'ಇವತ್ತು ಯಾವ ಥರ?' ಎಂದಾಗ ಎರಡು ಭೇಟಿಯಲ್ಲೂ ಅಳುವ ಮುಖ ಮುಟ್ಟುತ್ತಾರೆ. 'ಬಾಗಿಲ ಹತ್ತಿರ ಕೂತು ಏನು ಮಾಡ್ತೀರಿ?' ಎಂಬುದಕ್ಕೆ ಉತ್ತರ: 'ಅಮ್ಮ ಬರ್ತಾಳೆ.'

ಸಿಡುಕು, ಇಷ್ಟದ್ದನ್ನು ಬಿಟ್ಟದ್ದು, ಮಾತು ಕಡಿಮೆ, ತೂಕ ಇಳಿದದ್ದು, ನಿದ್ದೆ ಕೆಟ್ಟದ್ದು: ನಾಲ್ಕಕ್ಕಿಂತ ಹೆಚ್ಚು ಲಕ್ಷಣಗಳಿವೆ. ಖಿನ್ನತೆ ಎಂದು ಬರೆಯಲಾಗುತ್ತದೆ, ಜೊತೆಗೆ ಸಾವು ಅರ್ಥವಾಗದೆ ಉಳಿದಿದೆ ಎಂದೂ ಬರೆಯಲಾಗುತ್ತದೆ. ರಿಸ್ಪೆರಿಡೋನನ್ನು ಹಂತಹಂತವಾಗಿ ಇಳಿಸುವ ಯೋಜನೆ, ಖಿನ್ನತೆಯ ಮಾತ್ರೆ ಸರ್ಟ್ರಲೀನ್ 25 ಮಿಲಿಗ್ರಾಂನಿಂದ ಶುರು ಮಾಡಿ ಎರಡು ವಾರದ ನಂತರ 50. ಗುರಿ ಮೂರೇ: ಮುದ್ದೆಯ ಲೆಕ್ಕ, ಏಳುವ ಸಮಯ, ವಾರದಲ್ಲಿ ಎಷ್ಟು ದಿನ ಧಾರಾವಾಹಿ ಮುಂದೆ ಕುಳಿತರು. ಆರು ವಾರಕ್ಕೆ ಅದೇ ಹಾಳೆ ಮತ್ತೆ ನೋಡುವುದು. ರಿಸ್ಪೆರಿಡೋನನ್ನು ಹೊಡೆತಕ್ಕೆಂದು ಮುಂದುವರಿಸಿದ್ದರೆ ತೂಕಡಿಕೆಯನ್ನೇ ಶಾಂತಿ ಎಂದುಕೊಂಡು ಮನೆಯವರೂ ವೈದ್ಯರೂ ಸುಮ್ಮನಾಗುತ್ತಿದ್ದರು.

ಮನೆಯಲ್ಲಿ ಸಾವಾದದ್ದನ್ನು ಅವರಿಗೆ ಹೇಳಬೇಕೇ? ಹೇಗೆ?

ಹೇಳಬೇಕು. ಅವರಿಗೆ ಗೊತ್ತಾಗಬಾರದು ಎಂದು ಅಂತ್ಯಕ್ರಿಯೆ ದಿನ ನೆಂಟರ ಮನೆಗೆ ಕಳಿಸುವುದು, 'ಊರಿಗೆ ಹೋಗಿದ್ದಾರೆ' ಎನ್ನುವುದು ಪ್ರೀತಿಯಿಂದಲೇ ಆಗುತ್ತದೆ. ಆದರೆ ಊರಿಗೆ ಹೋದವರು ವಾಪಸ್ ಬರುತ್ತಾರೆ, ಹಾಗಾಗಿ ಅವರು ಕಾಯುತ್ತಾರೆ. 'ದೇವರ ಹತ್ತಿರ ಹೋದರು' ಎಂದರೆ ದೇವಸ್ಥಾನಕ್ಕೆ ಹೋದಾಗ ಹುಡುಕುತ್ತಾರೆ. 'ಮಲಗಿದ್ದಾರೆ' ಎಂದರೆ ತಾವು ಮಲಗಲು ಹೆದರುತ್ತಾರೆ. 'ತೀರಿಕೊಂಡರು', 'ಹೋಗಿಬಿಟ್ಟರು' ಎಂಬ ಮರ್ಯಾದೆಯ ಮಾತುಗಳೂ ಅವರಿಗೆ ಅರ್ಥ ಕೊಡುವುದಿಲ್ಲ.

ನೇರವಾಗಿ ಹೇಳಿ, ಹೇಳುವವರು ಅವರಿಗೆ ಹತ್ತಿರದವರಾಗಿರಲಿ: 'ಅಮ್ಮ ಸತ್ತರು. ಅವರು ಉಸಿರಾಡಲ್ಲ. ಅವರು ವಾಪಸ್ ಬರಲ್ಲ. ನಿಮ್ಮಿಂದ ಆಗಿದ್ದಲ್ಲ.' ಕೊನೆಯ ವಾಕ್ಯ ಬಿಡಬೇಡಿ. ತಾಯಿಯ ಫೋಟೋ, ಸೀರೆ ಕೈಯಲ್ಲಿ ಹಿಡಿಯಲು ಕೊಡಿ, ಸಮಾಧಿ ಇದ್ದರೆ ಕರೆದೊಯ್ಯಿರಿ, ವರ್ಷದ ತಿಥಿಯಲ್ಲಿ ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಮ್ಮೆ ಹೇಳಿದರೆ ಮುಗಿಯುವುದಿಲ್ಲ. ಅವರು ಮತ್ತೆ ಮತ್ತೆ ಕೇಳುತ್ತಾರೆ, ಮನೆಯವರೆಲ್ಲರೂ ಅದೇ ಪದಗಳಲ್ಲಿ ಅದೇ ಉತ್ತರ ಕೊಡಬೇಕು.

ಸಾಯುವ ಯೋಚನೆ ಬಗ್ಗೆ ಕೇಳಿದರೆ ನಾವೇ ಯೋಚನೆ ಹಾಕಿಕೊಟ್ಟಂತೆ ಆಗುವುದಿಲ್ಲವೇ?

ಆಗುವುದಿಲ್ಲ. ಕೇಳದೆ ಬಿಡುವುದೇ ಅಪಾಯ. ಸೌಮ್ಯ ಮಟ್ಟದ ಅಂಗವೈಕಲ್ಯ ಇರುವವರಿಗೆ ಯೋಜನೆ ಮಾಡುವಷ್ಟು ಸಾಮರ್ಥ್ಯ ಇದೆ, ಅದಕ್ಕಿಂತ ಕಡಿಮೆ ಇದ್ದವರೂ ಯೋಚಿಸದೆ ಕೈಗೆ ಸಿಕ್ಕಿದ್ದನ್ನು ಕುಡಿಯಬಹುದು.

'ಸತ್ತು ಹೋಗ್ಬೇಕು ಅನ್ಸುತ್ತಾ?' ಎಂದು ಸರಳವಾಗಿ ಕೇಳಿ. 'ಅಮ್ಮನ ಹತ್ತಿರ ಹೋಗ್ತೀನಿ' ಎಂಬಂಥ ಉತ್ತರ ಬಂದರೆ ಗಾಬರಿಯಾಗಬೇಡಿ, ಹಾರಿಸಲೂಬೇಡಿ. 'ಅಮ್ಮ ಎಲ್ಲಿದ್ದಾರೆ? ಹೇಗೆ ಹೋಗ್ತೀರಿ?' ಎಂದು ಮುಂದುವರಿಸಿ. 'ಬಸ್ಸಲ್ಲಿ' ಎಂದರೆ ಸಾವು ಅರ್ಥವಾಗಿಲ್ಲ. 'ಬಾವಿಗೆ' ಎಂದರೆ ಅಂದೇ ಒಬ್ಬರು ಬಿಡದೆ ಜೊತೆಗಿರಬೇಕು, ಮನೋವೈದ್ಯರಿಗೆ ಅಂದೇ ತೋರಿಸಬೇಕು. ಉತ್ತರ ಏನೇ ಇರಲಿ, ಕೀಟನಾಶಕದ ಡಬ್ಬಿಗೆ ಬೀಗ ಹಾಕಿಸಿ, ಫಿಟ್ಸ್ ಮಾತ್ರೆಯ ಸ್ಟ್ರಿಪ್‌ಗಳನ್ನು ಮನೆಯವರೇ ಇಟ್ಟುಕೊಂಡು ಹೊತ್ತಿಗೆ ಒಂದರಂತೆ ಕೊಡಲಿ. ರಾತ್ರಿ ಸಹಾಯ ಬೇಕಾದರೆ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೂ ಮಾತಾಡುತ್ತಾರೆ.

ಮಾತೇ ಬಾರದವರಲ್ಲಿ?

ಅಲ್ಲಿ ನೋಡುವುದೇ ದಾರಿ. ಅವರಿಗೆ ಇಷ್ಟವಾದ ಎರಡು ವಸ್ತು ತರಿಸಿ, ಮುಂದೆ ಇಟ್ಟು ಏನು ಮಾಡುತ್ತಾರೆ ನೋಡಿ. ಮೊದಲು ಹಾಡು ಹಾಕಿದರೆ ತೂಗುತ್ತಿದ್ದವರು ಈಗ ತಲೆ ತಿರುಗಿಸುತ್ತಾರೆಯೇ? ಹಳೆಯ ವಿಡಿಯೋ ಇದ್ದರೆ ಪಕ್ಕದಲ್ಲಿಟ್ಟು ಹೋಲಿಸಿ, ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಎರಡು ವಾರದ ನಿದ್ದೆ, ಊಟ, ಅಳು, ತನಗೇ ಗಾಯ ಮಾಡಿಕೊಳ್ಳುವುದರ ಹಾಳೆ ಕಡ್ಡಾಯ. ಇವರಲ್ಲಿ ನೋವಿನ ಹುಡುಕಾಟ ಇನ್ನೂ ಆಳವಾಗಿರಬೇಕು. ಇಷ್ಟಾದರೂ ಖಚಿತವಾಗದಿರಬಹುದು. ಆಗ 'ಅನುಮಾನ' ಎಂದೇ ಬರೆದು, ಗುರಿ ಮತ್ತು ಗಡುವು ಇಟ್ಟುಕೊಂಡು ಚಿಕಿತ್ಸೆ ನೀಡಿ, ಬದಲಾವಣೆ ಕಾಣದಿದ್ದರೆ ನಿಲ್ಲಿಸಬೇಕು.

ಒಪ್ಪಿಗೆ ಯಾರಿಂದ? ಅವರಿಗೆ ಏನು ಹೇಳಬೇಕು?

ಮೊದಲು ಅವರಿಂದಲೇ ಪಡೆಯಲು ಪ್ರಯತ್ನಿಸಿ. ಮಾನಸಿಕ ಆರೋಗ್ಯ ಕಾಯ್ದೆ 2017 ಬೌದ್ಧಿಕ ಅಂಗವೈಕಲ್ಯವನ್ನು ಮಾನಸಿಕ ಕಾಯಿಲೆ ಎಂದು ಕರೆಯುವುದಿಲ್ಲ, ಆದರೆ ಅದರ ಜೊತೆ ಬಂದ ಖಿನ್ನತೆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅದರ 4ನೇ ಸೆಕ್ಷನ್ ಪ್ರಕಾರ ನಿರ್ಧಾರದ ಸಾಮರ್ಥ್ಯ ನೋಡುವಾಗ ಮಾಹಿತಿಯನ್ನು ಸರಳ ಭಾಷೆ, ಸಂಜ್ಞೆ, ಚಿತ್ರ ಅಥವಾ ಬೇರೆ ಯಾವುದೇ ಅರ್ಥವಾಗುವ ರೀತಿಯಲ್ಲಿ ಕೊಡಬೇಕು. ಕೊಡದೇ 'ಇವರಿಗೆ ಅರ್ಥವಾಗಲ್ಲ' ಎಂದು ಬರೆಯುವಂತಿಲ್ಲ.

ಹೇಳಬೇಕಾದದ್ದು ನಾಲ್ಕು ವಾಕ್ಯ: 'ನಿಮಗೆ ತುಂಬಾ ದಿನದಿಂದ ಬೇಜಾರಿದೆ. ಇದು ಕಾಯಿಲೆ. ಈ ಮಾತ್ರೆ ಬೆಳಿಗ್ಗೆ ಒಂದು. ಹೊಟ್ಟೆ ತೊಳಸಿದರೆ ಅಣ್ಣಂಗೆ ಹೇಳಿ.' ಮಾತ್ರೆಯನ್ನು ಕೈಯಲ್ಲಿ ತೋರಿಸಿ, ಸೂರ್ಯನ ಚಿತ್ರದ ಪಕ್ಕ ಒಂದು ಮಾತ್ರೆ ಬರೆದು ಕೊಡಿ. 'ಅರ್ಥ ಆಯ್ತಾ?' ಎಂದು ಕೇಳಬೇಡಿ, 'ಹೂಂ' ಬರುತ್ತದೆ. 'ಮಾತ್ರೆ ಯಾವಾಗ ತಗೋತೀರಿ? ತೋರಿಸಿ' ಎನ್ನಿ. ಬೆರಳು ಸೂರ್ಯನ ಮೇಲೆ ಹೋಗದಿದ್ದರೆ ಇನ್ನೊಂದು ಸಲ, ಬೇರೆ ಚಿತ್ರದಲ್ಲಿ ವಿವರಿಸಿ.